ಒಂದೇ ಯುಎಸ್‌ಬಿ-ಸಿ ಹೆಡ್‌ಫೋನ್ ಅಡಾಪ್ಟರ್: ಎಂಐ ಎ2 ಫೋನಿನಲ್ಲಿ ಹಾಡ್ತದೆ, ಪಿಕ್ಸೆಲ್ 7ಎ ಫೋನಿನಲ್ಲಿ ಇಲ್ಲ. ಎಂತ ಕಾರಣ?

ಅಂಬಲಪಾಡಿ ಪ್ರಸಾದ

ಉಡುಪಿ ಸರ್ವಿಸ್ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ 150 ರೂಪಾಯಿಯ ಅಡಾಪ್ಟರ್ ತಂದದ್ದು. ಒಂದು ತುದಿ ಟೈಪ್-ಸಿ, ಇನ್ನೊಂದು ತುದಿಯಲ್ಲಿ 3.5 ಎಂಎಂ ತೂತು. ಹಳೆಯ ಎಂಐ ಎ2 ಫೋನಿಗೆ ಹಾಕಿದರೆ ಎರಡೂ ಕಿವಿಗೆ ಸರಿಯಾಗಿ ಕೇಳ್ತದೆ, ಮೈಕ್ ಸಹ ಕೆಲಸ ಮಾಡ್ತದೆ. ಅದನ್ನೇ ಪಿಕ್ಸೆಲ್ 7ಎಗೆ ಹಾಕಿದರೆ ಶಬ್ದ ಫೋನಿನ ಸ್ಪೀಕರಿನಿಂದಲೇ ಬರ್ತದೆ. ಪರದೆಯ ಮೇಲೆ ಈ ಸೂಚನೆ:

```
Analog audio accessory detected
The attached device is not compatible with this phone.
```

ಪ್ಲಗ್ ತಿರುಗಿಸಿ ಹಾಕಿದೆ, ಫೋನ್ ರೀಸ್ಟಾರ್ಟ್ ಮಾಡಿದೆ, ಬೇರೆ ಇಯರ್‌ಫೋನ್ ಹಾಕಿದೆ. ಬದಲಾವಣೆ ಇಲ್ಲ. ಅಡಾಪ್ಟರ್ ಹಾಳೋ, ಫೋನಿನ ಪೋರ್ಟ್ ಹಾಳೋ? ಹೊಸದು ತೆಗೆದುಕೊಳ್ಳುವುದಾದರೆ ಯಾವುದು?

ಕಾಪು ದೀಪಸ್ತಂಭ

ಅದು ಡೂಪ್ಲಿಕೇಟ್ ಮಾಲು ಪ್ರಸಾದಣ್ಣ. ಡಿಜಿಟಲ್ ಸದ್ದನ್ನು ಅನಲಾಗ್ ಮಾಡುವ ಡ್ಯಾಕ್ ಚಿಪ್ ಒಳಗೆ ಇಲ್ಲ, ಬರೀ ವಯರ್. ಡ್ಯಾಕ್ ಇರುವ ಅಡಾಪ್ಟರ್ ತೆಗೆದುಕೊಳ್ಳಿ, ಅದು ಎಲ್ಲ ಫೋನಿಗೂ ಆಗ್ತದೆ. ಡ್ಯಾಕ್ ಇಲ್ಲದ್ದು ಯಾವ ಫೋನಿಗೂ ಸರಿಯಾಗಿ ಆಗುವುದಿಲ್ಲ.

ಕಂಕನಾಡಿ ರೇಖಾ

ದೀಪಸ್ತಂಭದವರು ಹೇಳಿದ್ದರಲ್ಲಿ ಅರ್ಧ ಸರಿ. ಒಳಗೆ ಚಿಪ್ ಇಲ್ಲ ಎಂಬುದು ಹೌದು. ಆದರೆ ಅದು ಡೂಪ್ಲಿಕೇಟ್ ಅಲ್ಲ, ಹಾಳೂ ಅಲ್ಲ. ಎಂಐ ಎ2ನಲ್ಲಿ ಮೈಕ್ ಸಹಿತ ಕೆಲಸ ಮಾಡ್ತದಲ್ಲ, ಅದೇ ಸಾಕ್ಷಿ. ಯುಎಸ್‌ಬಿ-ಸಿಯ ನಿಯಮದಲ್ಲೇ ಇದಕ್ಕೊಂದು ಜಾಗ ಮಾಡಿಟ್ಟಿದ್ದಾರೆ.

ಡಿಜಿಟಲ್ ಸದ್ದನ್ನು ಇಯರ್‌ಫೋನ್‌ಗೆ ಬೇಕಾದ ವಿದ್ಯುತ್ ಅಲೆಯಾಗಿ ಎಲ್ಲಾದರೂ ಒಂದು ಕಡೆ ಬದಲಾಯಿಸಲೇಬೇಕು. ಫೋನಿನೊಳಗಿನ ಆಡಿಯೋ ಚಿಪ್ ಬದಲಾಯಿಸಿದರೆ ಅಡಾಪ್ಟರಿನಲ್ಲಿ ವಯರ್ ಸಾಕು. ಇದು ಅನಲಾಗ್ ಅಡಾಪ್ಟರ್. ಫೋನ್ ಆ ಕೆಲಸ ಬಿಟ್ಟು ಬರೀ ಯುಎಸ್‌ಬಿ ದತ್ತಾಂಶ ಕಳಿಸುವುದಾದರೆ ಅಡಾಪ್ಟರಿನ ಒಳಗೇ ಡ್ಯಾಕ್ ಬೇಕು.

ಅನಲಾಗ್ ಅಡಾಪ್ಟರ್ ಹಾಕಿದ್ದು ಫೋನಿಗೆ ಹೇಗೆ ಗೊತ್ತಾಗ್ತದೆ ಎಂದರೆ, ಟೈಪ್-ಸಿ ಪೋರ್ಟಿನಲ್ಲಿ ಸಿಸಿ1, ಸಿಸಿ2 ಎಂಬ ಎರಡು ಪಿನ್ ಉಂಟು. ಚುಚ್ಚಿದ್ದು ಎಂತದ್ದು ಎಂದು ಫೋನ್ ಮೊದಲು ಅಲ್ಲಿ ನೋಡ್ತದೆ. ಪೆನ್‌ಡ್ರೈವ್, ಡ್ಯಾಕ್ ಅಡಾಪ್ಟರ್ ಇತ್ಯಾದಿ ಹಾಕಿದರೆ ಒಂದೇ ಸಿಸಿ ಪಿನ್‌ನಿಂದ ಗ್ರೌಂಡಿಗೆ 5.1 ಕಿಲೋ ಓಂ ಕಾಣ್ತದೆ. ಅನಲಾಗ್ ಅಡಾಪ್ಟರಿನಲ್ಲಿ ಎರಡೂ ಸಿಸಿ ಪಿನ್ ಗ್ರೌಂಡಿಗೆ ಕಟ್ಟಿರ್ತದೆ, ಸುಮಾರು 1 ಕಿಲೋ ಓಂ ಅಥವಾ ಅದಕ್ಕಿಂತ ಕಡಿಮೆಯಲ್ಲಿ. ಎರಡೂ ಹೀಗೆ ಗ್ರೌಂಡಿಗೆ ಕಟ್ಟಿದ್ದು ಕಂಡರೆ "ಇದು ಅನಲಾಗ್ ಹೆಡ್‌ಫೋನ್" ಎಂದೇ ಅರ್ಥ.

ಅಷ್ಟು ಗೊತ್ತಾದ ಮೇಲೆ ಎಂಐ ಎ2 ತನ್ನ ಡಿ ಪ್ಲಸ್, ಡಿ ಮೈನಸ್ ಪಿನ್‌ಗಳನ್ನು ಯುಎಸ್‌ಬಿಯಿಂದ ಬಿಡಿಸಿ ಆಡಿಯೋ ಚಿಪ್‌ಗೆ ಜೋಡಿಸ್ತದೆ. ಎಡ ಬಲ ಸದ್ದು ಆ ಎರಡರಲ್ಲಿ ಹೊರಗೆ ಬರ್ತದೆ. ಮೈಕ್ ಮತ್ತು ಇಯರ್‌ಫೋನಿನ ಗ್ರೌಂಡ್ ಎಸ್‌ಬಿಯು ಎಂಬ ಬೇರೆ ಎರಡು ಪಿನ್‌ನಲ್ಲಿ. ಈ ಹಳಿ ಬದಲಾಯಿಸಲು ಪೋರ್ಟ್ ಮತ್ತು ಆಡಿಯೋ ಚಿಪ್ ನಡುವೆ ಒಂದು ಸಣ್ಣ ಸ್ವಿಚ್ ಐಸಿ ಬೇಕು. ಬೋರ್ಡ್ ರಿಪೇರಿ ಮಾಡುವವರು ಎಫ್‌ಎಸ್‌ಎ4480 ಎಂಬ ಹೆಸರು ಕೇಳಿರ್ತೀರಿ, ಅದು ಇಂಥದ್ದೇ.

ಪಿಕ್ಸೆಲ್‌ನಲ್ಲಿ ಸಿಸಿ ಪಿನ್ ನೋಡುವ ಭಾಗ ಉಂಟು, ಸದ್ದನ್ನು ಆ ಹಳಿಗೆ ತಿರುಗಿಸುವ ದಾರಿ ಇಲ್ಲ. ಹಾಗಾಗಿ ಬಂದದ್ದು ಯಾರು ಎಂದು ಅದಕ್ಕೆ ಸರಿಯಾಗಿ ಗೊತ್ತಾಯ್ತು, ಒಳಗೆ ಕರೆಯಲು ಬಾಗಿಲಿಲ್ಲ. ನಿಮ್ಮ ಪರದೆಯ ಸೂಚನೆ ಹೇಳುವುದೂ ಅದನ್ನೇ. ಸೆಟ್ಟಿಂಗ್ಸಿನಲ್ಲಾಗಲಿ ಅಪ್‌ಡೇಟಿನಿಂದಾಗಲಿ ಸರಿಯಾಗುವ ವಿಷಯ ಅಲ್ಲ. ಅನಲಾಗ್ ಅಡಾಪ್ಟರ್ ಹಾಕಿದಾಗ ಆ ಸೂಚನೆ ಬರುವುದು ಸಹಜ, ಪೋರ್ಟ್ ಬಗ್ಗೆ ಚಿಂತೆ ಬಿಡಿ.

ಅಂಬಲಪಾಡಿ ಪ್ರಸಾದ

ಈಗ ಅರ್ಥ ಆಯ್ತು ರೇಖಕ್ಕ. ಹಾಗಾದರೆ ಡ್ಯಾಕ್ ಇರುವುದು ತಂದರೆ ಎರಡೂ ಫೋನಿಗೆ ಆಗ್ತದಾ? ಅಂಗಡಿಯಲ್ಲಿ ಕೇಳಿದರೆ "ಎಲ್ಲದಕ್ಕೂ ಆಗ್ತದೆ ಸರ್" ಎಂದೇ ಎಲ್ಲದಕ್ಕೂ ಹೇಳ್ತಾರೆ. ಡಬ್ಬಿಯ ಮೇಲೂ ಎಂತ ಬರೆದಿಲ್ಲ.

ಕಂಕನಾಡಿ ರೇಖಾ

ಎರಡಕ್ಕೂ ಆಗಬೇಕು. ಆಂಡ್ರಾಯ್ಡ್ 5.0ರಿಂದಲೇ ಯುಎಸ್‌ಬಿ ಆಡಿಯೋ ವ್ಯವಸ್ಥೆಯ ಒಳಗೇ ಉಂಟು. ಗ್ಯಾಲಕ್ಸಿ ನೋಟ್ 10ರ ನಂತರ ಜ್ಯಾಕ್ ಇಲ್ಲದೆ ಬಂದ ಸ್ಯಾಮ್‌ಸಂಗ್‌ನ ದೊಡ್ಡ ಫೋನ್‌ಗಳಿಗೆ, ಐಫೋನ್ 15ರಿಂದ ಮುಂದಿನವಕ್ಕೆ ಡ್ಯಾಕ್ ಇರುವುದೇ ಬೇಕು.

ಅಂಗಡಿಯಲ್ಲಿ ಗುರುತಿಸಲು ಲ್ಯಾಪ್‌ಟಾಪ್ ಸಾಕು. ಅಡಾಪ್ಟರಿಗೆ ಇಯರ್‌ಫೋನ್ ಚುಚ್ಚಿಯೇ ಲ್ಯಾಪ್‌ಟಾಪಿನ ಟೈಪ್-ಸಿ ಪೋರ್ಟಿಗೆ ಹಾಕಿ. ಇಯರ್‌ಫೋನ್ ಇಲ್ಲದೆ ಹಾಕಿದರೆ ಕೆಲವು ಅಡಾಪ್ಟರ್ ಎಚ್ಚರವೇ ಆಗುವುದಿಲ್ಲ, ಹಾಗಾಗಿ ಮೊದಲು ಚುಚ್ಚಿಕೊಳ್ಳಿ. ಸೌಂಡ್ ಪಟ್ಟಿಯಲ್ಲಿ ಹೊಸ ಸಾಧನದ ಹೆಸರು ಬಂದರೆ ಒಳಗೆ ಡ್ಯಾಕ್ ಉಂಟು. ಎಂತದೂ ಬರದಿದ್ದರೆ ಅನಲಾಗ್. ಲ್ಯಾಪ್‌ಟಾಪ್ ಇಲ್ಲದಿದ್ದರೆ ನಿಮ್ಮ ಪಿಕ್ಸೆಲ್ ಫೋನೇ ಪರೀಕ್ಷೆಯ ಯಂತ್ರ, ಅದೇ ಸೂಚನೆ ಬಂದರೆ ಅಲ್ಲೇ ವಾಪಸ್ ಕೊಡಿ.

ತೂಕ ನೋಡಿ, ತಲೆಯ ದಪ್ಪ ನೋಡಿ ಹೇಳಲು ಹೋಗಬೇಡಿ. ಬೆರಳ ತುದಿಯಷ್ಟು ಸಣ್ಣ ಪ್ಲಗ್ಗಿನೊಳಗೂ ಡ್ಯಾಕ್ ಕೂರ್ತದೆ. ಲೋಹದ ದಪ್ಪ ಕವಚದೊಳಗೆ ಬರೀ ವಯರೂ ಇರ್ತದೆ.

ಸುರತ್ಕಲ್ ಕಿರಣ್

ಲಿನಕ್ಸ್ ಇರುವವರು ಇನ್ನೂ ಸ್ಪಷ್ಟವಾಗಿ ನೋಡಬಹುದು. ಅಡಾಪ್ಟರ್ ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ ಇವನ್ನು ಓಡಿಸಿ:

```
lsusb
aplay -l
arecord -l
```

ಎರಡನೇ ಸಲ `lsusb`ನಲ್ಲಿ ಒಂದು ಸಾಲು ಹೆಚ್ಚಾದರೆ ಡ್ಯಾಕ್ ಉಂಟು. `aplay`ಯಲ್ಲಿ ಹೆಸರು ಬಂದು `arecord`ನಲ್ಲಿ ಬರದಿದ್ದರೆ ಅದರಲ್ಲಿ ಮೈಕ್ ದಾರಿ ಇಲ್ಲ. ಅಂಥದ್ದರಲ್ಲಿ ಹಾಡು ಚೆನ್ನಾಗಿ ಕೇಳ್ತದೆ, ವಾಟ್ಸಾಪ್ ಕಾಲ್ ಬಂದಾಗ ಮಾತ್ರ ಫೋನಿನ ಸ್ವಂತ ಮೈಕ್ ಕೆಲಸ ಮಾಡ್ತದೆ. ಆಚೆಯವರಿಗೆ ಸ್ವರ ದೂರದಿಂದ ಕೇಳಿದ ಹಾಗೆ.

ಕಾಪು ದೀಪಸ್ತಂಭ

ಸರಿ, ನಾನು ಡೂಪ್ಲಿಕೇಟ್ ಅಂದದ್ದು ತಪ್ಪು. ಆದರೆ ಡ್ಯಾಕ್ ಇರುವುದು ಎಲ್ಲದಕ್ಕೂ ಆಗ್ತದೆ ಅಂದದ್ದು ಸರಿ ಅಲ್ವಾ?

ಸುರತ್ಕಲ್ ಕಿರಣ್

ಅದಕ್ಕೂ ಎರಡು ಅಡ್ಡಿ ಉಂಟು. ಒಪ್ಪೋ, ರಿಯಲ್‌ಮಿ, ಒನ್‌ಪ್ಲಸ್‌ನ ಎಷ್ಟೋ ಫೋನ್‌ಗಳಲ್ಲಿ ಓಟಿಜಿ ಸೆಟ್ಟಿಂಗ್ ಬಂದ್ ಆಗಿರ್ತದೆ. ಅದು ಬಂದ್ ಇದ್ದರೆ ಫೋನ್ ಹೊರಗಿನ ಸಾಧನವನ್ನು ನೋಡುವುದೇ ಇಲ್ಲ, ಅದಕ್ಕೆ ಕರೆಂಟೂ ಕೊಡುವುದಿಲ್ಲ. ಸೆಟ್ಟಿಂಗ್ಸಿನಲ್ಲಿ OTG ಎಂದು ಹುಡುಕಿ ಆನ್ ಮಾಡಿ. 10 ನಿಮಿಷ ಬಳಸದಿದ್ದರೆ ತಾನೇ ಆಫ್ ಆಗುವ ಫೋನ್‌ಗಳೂ ಉಂಟು, "ನಿನ್ನೆ ಹಾಡ್ತಿತ್ತು, ಇವತ್ತು ಇಲ್ಲ" ಎಂಬ ದೂರಿಗೆ ಹಲವು ಸಲ ಇದೇ ಕಾರಣ. ಇನ್ನೊಂದು, ಡೆವಲಪರ್ ಆಯ್ಕೆಗಳಲ್ಲಿ `Disable USB audio routing` ಎಂಬುದನ್ನು ಯಾರಾದರೂ ಆನ್ ಮಾಡಿಟ್ಟಿದ್ದರೆ ಅಡಾಪ್ಟರ್ ಪತ್ತೆ ಆಗ್ತದೆ, ಸದ್ದು ಮಾತ್ರ ಸ್ಪೀಕರಿನಲ್ಲೇ ಉಳೀತದೆ.

ಚಂಡೆ ಮದ್ದಳೆ

ಯಕ್ಷಗಾನ ರೆಕಾರ್ಡ್ ಮಾಡಲು ಕಾಲರ್ ಮೈಕ್ ತಂದಿದ್ದೇನೆ, 3.5 ಎಂಎಂ ಪಿನ್ನಿನದ್ದು. ಡ್ಯಾಕ್ ಇರುವ ಅಡಾಪ್ಟರಿಗೇ ಹಾಕಿದ್ದು, `arecord`ನಲ್ಲಿ ಹೆಸರೂ ಬರ್ತದೆ. ಆದರೂ ಭಾಗವತರ ಪದ ಒಂದಕ್ಷರ ದಾಖಲಾಗುವುದಿಲ್ಲ. ಇದೂ ಅನಲಾಗ್ ಡಿಜಿಟಲ್ ತೊಂದರೆಯಾ?

ಕಂಕನಾಡಿ ರೇಖಾ

ಅಲ್ಲ, ನಿಮ್ಮದು ಬೇರೆ. ಮೈಕಿನ ಪಿನ್ನಿನಲ್ಲಿ ಕಪ್ಪು ಗೆರೆ ಎಷ್ಟು ನೋಡಿ. ಎರಡು ಗೆರೆ ಇದ್ದರೆ ಅದು ಕ್ಯಾಮರಾಕ್ಕೆ ಮಾಡಿದ್ದು. ಫೋನ್ ಅಡಾಪ್ಟರಿಗೆ ಮೂರು ಗೆರೆ, ಅಂದರೆ ನಾಲ್ಕು ತುಂಡು ಬೇಕು. ತುದಿ ಎಡ, ಮುಂದಿನದು ಬಲ, ಮೂರನೆಯದು ಗ್ರೌಂಡ್, ಬುಡದ್ದು ಮೈಕ್. ಎರಡು ಗೆರೆಯದ್ದರಲ್ಲಿ ಬುಡವಿಡೀ ಗ್ರೌಂಡ್, ಹಾಗಾಗಿ ಅಡಾಪ್ಟರಿನ ಮೈಕ್ ಸಂಪರ್ಕ ಗ್ರೌಂಡಿಗೇ ಮುಟ್ಟಿ ಶಾರ್ಟ್ ಆಗ್ತದೆ. ಎರಡು ಗೆರೆಯ ಮೈಕನ್ನು ಮೂರು ಗೆರೆಗೆ ಬದಲಾಯಿಸುವ ಗಿಡ್ಡ ಕೇಬಲ್ ಸಿಗ್ತದೆ, ಅದನ್ನು ನಡುವೆ ಹಾಕಿ.

ಚಂಡೆ ಮದ್ದಳೆ

ಎರಡೇ ಗೆರೆ. ಉಪಕಾರ ಆಯ್ತು ಅಕ್ಕ.

ಮಲ್ಪೆ ಸುಜಾತಾ

ನಮ್ಮಲ್ಲಿರುವ ಫೋನ್ ಅನಲಾಗ್ ಅಡಾಪ್ಟರ್ ಒಪ್ಪುವಂಥದ್ದೇ, ಎರಡು ವರ್ಷ ಸರಿ ಇತ್ತು. ಈ ಮಳೆಗಾಲದ ನಂತರ ವಿಚಿತ್ರ. ಸಿನೆಮಾ ಹಾಡು ಹಾಕಿದರೆ ವಾದ್ಯ ಕೇಳ್ತದೆ, ಹಾಡುವವರ ಸ್ವರ ಮಾಯ. ಪ್ಲಗ್ ತಿರುಗಿಸಿ ಹಾಕಿದರೆ ಸ್ವರ ಬರ್ತದೆ, ಆದರೆ ಆಗ ಕಾಲ್‌ನಲ್ಲಿ ಮೈಕ್ ಇಲ್ಲ. ಅಡಾಪ್ಟರ್ ಬದಲಾಯಿಸಿದರೂ ಹಾಗೆಯೇ. ಡ್ಯಾಕ್ ಇರುವುದು ತೆಗೆದುಕೊಂಡರೆ ಸರಿ ಆಗ್ತದಾ?

ಕಂಕನಾಡಿ ರೇಖಾ

ಸುಜಾತಕ್ಕ, ತಿರುಗಿಸಿದಾಗ ಎಂತ ಆಗ್ತದೆ ಎಂದು ಹೇಳಿದ್ದು ಬಹಳ ಒಳ್ಳೆಯದಾಯ್ತು. ತೊಂದರೆಯ ಜಾಗ ಅದರಿಂದಲೇ ಸಿಗ್ತದೆ.

ಸ್ವರ ಮಾಯ ಆಗುವುದು ಗ್ರೌಂಡ್ ತಪ್ಪಿದಾಗ. ಗ್ರೌಂಡ್ ಇಲ್ಲದಿದ್ದರೆ ಕರೆಂಟ್ ಎಡ ಸ್ಪೀಕರಿನಿಂದ ಬಲ ಸ್ಪೀಕರಿಗೆ ಹೋಗಿ ಸುತ್ತು ಮುಗಿಸ್ತದೆ. ಹಾಡುವವರ ಸ್ವರವನ್ನು ಸಾಮಾನ್ಯವಾಗಿ ಎರಡೂ ಕಡೆ ಸಮವಾಗಿ ಇಟ್ಟಿರ್ತಾರೆ. ಎರಡೂ ತುದಿಯಲ್ಲಿ ಒಂದೇ ಮಟ್ಟ ಇದ್ದರೆ ನಡುವೆ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಸ್ವರ ಕೇಳುವುದಿಲ್ಲ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಇರುವ ವಾದ್ಯ, ಪ್ರತಿಧ್ವನಿ ಮಾತ್ರ ಉಳೀತದೆ. ಒಂದೇ ಮೈಕಿನಲ್ಲಿ ಮೋನೋ ದಾಖಲಿಸಿದ ತಾಳಮದ್ದಳೆ ಹಾಕಿ ನೋಡಿ, ಬಹುತೇಕ ಎಂತದೂ ಕೇಳಲಿಕ್ಕಿಲ್ಲ.

ಈಗ ಎಸ್‌ಬಿಯು ಪಿನ್‌ಗೆ ಬನ್ನಿ. ಅವು ಎರಡು, ಪೋರ್ಟಿನ ಮೇಲಿನ ಸಾಲಿನಲ್ಲಿ ಒಂದು, ಕೆಳಗಿನ ಸಾಲಿನಲ್ಲಿ ಒಂದು. ಇಯರ್‌ಫೋನಿನ ಗ್ರೌಂಡ್ ಒಂದಕ್ಕೆ, ಮೈಕ್ ಇನ್ನೊಂದಕ್ಕೆ. ಪ್ಲಗ್ ತಿರುಗಿಸಿದರೆ ಅವು ಅದಲುಬದಲು ಆಗ್ತವೆ, ಯಾವುದು ಎಲ್ಲಿ ಎಂದು ನೋಡಿ ಫೋನಿನ ಸ್ವಿಚ್ ಹೊಂದಿಕೊಳ್ತದೆ. ಫೋನಿನ ಕಡೆ ಒಂದು ಎಸ್‌ಬಿಯು ಪಿನ್ ಕೊಳೆಯಾಗಿದ್ದರೆ ಒಂದು ಬದಿಯಲ್ಲಿ ಗ್ರೌಂಡ್ ಹೋಗಿ ಸ್ವರ ಮಾಯ, ಇನ್ನೊಂದು ಬದಿಯಲ್ಲಿ ಅದೇ ಪಿನ್ನಿಗೆ ಮೈಕ್ ಬಂದು ಮೈಕ್ ಮಾಯ. ನೀವು ಬರೆದದ್ದು ಅಕ್ಷರಶಃ ಇದೇ. ಅಡಾಪ್ಟರಿನ ವಯರ್ ತುಂಡಾಗಿದ್ದರೆ ತಿರುಗಿಸಿದರೂ ಒಂದೇ ಥರದ ತೊಂದರೆ ಇರ್ತಿತ್ತು.

ಮಲ್ಪೆಯ ಉಪ್ಪುಗಾಳಿಗೆ, ಮಳೆಗೆ ಆ ಪಿನ್‌ಗಳ ಮೇಲೆ ಹಸಿರು ಅಥವಾ ಬಿಳಿ ಕಿಲುಬು ಕೂರುವುದು ನಮ್ಮ ಕರಾವಳಿಯಲ್ಲಿ ಸಾಮಾನ್ಯ. ಫೋನ್ ಪೂರ್ತಿ ಆಫ್ ಮಾಡಿ. ಟಾರ್ಚ್ ಬಿಟ್ಟು ಭೂತಗನ್ನಡಿಯಲ್ಲಿ ಪೋರ್ಟಿನ ನಡುವಿನ ನಾಲಗೆ ನೋಡಿ. ಮೊದಲು ಒಣ ಮೆತ್ತನೆ ಬ್ರಶ್ಶಿನಿಂದ ಧೂಳು ತೆಗೆಯಿರಿ, ನಂತರ 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್ ಎರಡೇ ಹನಿ ಬ್ರಶ್ಶಿಗೆ ಹಾಕಿ ನಾಲಗೆಯ ಎರಡೂ ಬದಿ ಉಜ್ಜಿ. ಆಲ್ಕೋಹಾಲನ್ನು ಪೋರ್ಟಿನೊಳಗೆ ಸುರಿಯಬೇಡಿ. ಅರ್ಧ ಗಂಟೆ ಒಣಗಲು ಬಿಟ್ಟು ಆನ್ ಮಾಡಿ. ಗುಂಡುಸೂಜಿ, ಸೇಫ್ಟಿ ಪಿನ್ ಬೇಡವೇ ಬೇಡ. ಚಾರ್ಜಿನ ಕರೆಂಟ್ ಬರುವ ವಿಬಸ್ ಪಿನ್ ಪಕ್ಕದಲ್ಲೇ ಸಿಸಿ ಮತ್ತು ಎಸ್‌ಬಿಯು ಪಿನ್ ಇವೆ, ಲೋಹದ ಚೂರು ಉಳಿದರೆ ಚಾರ್ಜ್ ಹಾಕುವಾಗ ಸ್ವಿಚ್ ಐಸಿಯೇ ಸುಡಬಹುದು.

ಡ್ಯಾಕ್ ಅಡಾಪ್ಟರ್ ಎಸ್‌ಬಿಯು ಪಿನ್ ಬಳಸುವುದಿಲ್ಲ, ಹಾಗಾಗಿ ಅದು ಹಾಕಿದರೆ ಸದ್ದು ಬರ್ತದೆ. ಆದರೆ ಕಿಲುಬು ಅಲ್ಲೇ ಬೆಳೀತದೆ, ಆದ್ದರಿಂದ ಸ್ವಚ್ಛ ಮಾಡಿಯೇ ಮುಂದೆ ಹೋಗಿ.

ಸುರತ್ಕಲ್ ಕಿರಣ್

ಒಂದು ಪ್ರಶ್ನೆ. ಗ್ರೌಂಡ್ ಪಿನ್ ಸರಿ ಮುಟ್ಟದಿದ್ದರೆ ಯಾವುದು ಮೈಕ್ ಯಾವುದು ಗ್ರೌಂಡ್ ಎಂದು ಫೋನಿನ ಸ್ವಿಚ್ಚಿಗೇ ತಪ್ಪಿ ಹೋಗುವುದಿಲ್ವಾ? ಆಗ ತಿರುಗಿಸುವ ಪರೀಕ್ಷೆ ನಂಬಬಹುದಾ?

ಕಂಕನಾಡಿ ರೇಖಾ

ತಪ್ಪಬಹುದು, ಹೌದು. ಪೂರ್ತಿ ಸಂಪರ್ಕ ತಪ್ಪಿದ್ದಕ್ಕಿಂತ ಅರೆಬರೆ ಮುಟ್ಟುವಾಗ ಹೀಗಾಗುವುದು ಹೆಚ್ಚು. ಹಾಗಾಗಿ ಪ್ರತಿ ಬದಿಯಲ್ಲೂ ನಾಲ್ಕೈದು ಸಲ ತೆಗೆದು ಹಾಕಿ ನೋಡಿ. ಪ್ರತಿ ಸಲ ಒಂದೇ ಫಲಿತಾಂಶ ಬಂದರೆ ನಂಬಿ, ಬೇರೆ ಬೇರೆ ಬಂದರೆ ಮೀಟರ್ ಹಿಡಿಯಿರಿ.

ಮೀಟರಿಗೆ ಟೈಪ್-ಸಿ ಹೆಣ್ಣು ಕನೆಕ್ಟರಿನ 24 ಪಿನ್ ಬ್ರೇಕ್‌ಔಟ್ ಬೋರ್ಡ್ ಬೇಕು. ಅಡಾಪ್ಟರನ್ನು ಅದಕ್ಕೆ ಹಾಕಿ, ಇನ್ನೊಂದು ತುದಿಗೆ 3.5 ಎಂಎಂ ಆಕ್ಸ್ ಕೇಬಲ್ ಚುಚ್ಚಿ. ಚುಚ್ಚದೆ ಅಳೆಯಬೇಡಿ. ಕೆಲವು ಅನಲಾಗ್ ಅಡಾಪ್ಟರಿನಲ್ಲಿ ಜ್ಯಾಕಿನೊಳಗಿನ ಸ್ವಿಚ್ ಒತ್ತಿದ ಮೇಲೆಯೇ ಸಿಸಿ ಪಿನ್ ಗ್ರೌಂಡಿಗೆ ಸೇರ್ತದೆ, ಖಾಲಿ ಅಳೆದರೆ ಎಂತದೂ ತೋರಿಸದೆ ದಾರಿ ತಪ್ಪಿಸ್ತದೆ. ಸಿಸಿ1ರಿಂದ ಗ್ರೌಂಡಿಗೆ, ಸಿಸಿ2ರಿಂದ ಗ್ರೌಂಡಿಗೆ ಓಂ ನೋಡಿ. ಎರಡೂ ಕಡೆ 1.2 ಕಿಲೋ ಓಂಗಿಂತ ಕಡಿಮೆ ಬಂದರೆ ಅನಲಾಗ್. ಒಂದರಲ್ಲಿ 5.1 ಕಿಲೋ ಓಂ ಆಸುಪಾಸು, ಇನ್ನೊಂದು ಖಾಲಿ ಬಂದರೆ ಡ್ಯಾಕ್. ಖಾತ್ರಿಗೆ ಆಕ್ಸ್ ಕೇಬಲಿನ ಆಚೆ ತುದಿಯ ಎಡ, ಬಲ ಸಂಪರ್ಕದಿಂದ ಡಿ ಪಿನ್‌ಗಳಿಗೆ ಕಂಟಿನ್ಯುಟಿ ನೋಡಿ. ಬೀಪ್ ಬಂದರೆ ನಡುವೆ ವಯರ್ ಬಿಟ್ಟು ಬೇರೆ ಎಂತದೂ ಇಲ್ಲ.

ಬಂದರು ಪೈ

ಚಾರ್ಜ್ ಮಾಡುತ್ತಾ ಕೇಳುವ ವೈ ಆಕಾರದ ಅಡಾಪ್ಟರ್ ಬಗ್ಗೆಯೂ ಹೇಳಿ. 250 ರೂಪಾಯಿಯದ್ದು ತಂದರೆ ಸ್ಯಾಮ್‌ಸಂಗ್‌ನಲ್ಲಿ ಚಾರ್ಜ್ ಆಗ್ತದೆ, ಸದ್ದು ಇಲ್ಲ.

ಕಂಕನಾಡಿ ರೇಖಾ

ಪೈ ಮಾಮ್, ಅದೂ ಈ ಕಥೆಯದ್ದೇ ಕೊಂಬೆ. ಅನಲಾಗ್ ವಿಧದಲ್ಲಿ ಸದ್ದಿನ ಪಿನ್ ಬೇರೆ, ಚಾರ್ಜಿನ ಪಿನ್ ಬೇರೆ. ಹಾಗಾಗಿ ನಿಯಮದಲ್ಲೇ 5 ವೋಲ್ಟ್, 500 ಮಿಲಿ ಆಂಪಿಯರ್‌ವರೆಗೆ ಜೊತೆಯಲ್ಲಿ ಚಾರ್ಜ್ ಮಾಡಲು ಅವಕಾಶ ಉಂಟು, ಅದು ನಿಧಾನವೇ. ಡ್ಯಾಕ್ ವಿಧದಲ್ಲಿ ಫೋನ್ ಯಜಮಾನನಾಗಿ ಅಡಾಪ್ಟರಿಗೆ ಕರೆಂಟ್ ಕೊಡಬೇಕು, ಚಾರ್ಜರ್ ಬಂದಾಗ ಯಜಮಾನಿಕೆ ಬಿಡದೆ ಕರೆಂಟ್ ಮಾತ್ರ ತೆಗೆದುಕೊಳ್ಳಬೇಕು. ಈ ಮಾತುಕತೆ ನಡೆಸಲು ವೈ ಅಡಾಪ್ಟರಿನ ಒಳಗೆ ಪವರ್ ಡೆಲಿವರಿ, ಅಂದರೆ ಪಿಡಿ ಚಿಪ್ ಬೇಕು. ನಿಮ್ಮದು ಬರೀ ವಯರಿನ ವೈ. ಸ್ಯಾಮ್‌ಸಂಗ್‌ಗೆ ಪಿಡಿ ಮತ್ತು ಡ್ಯಾಕ್ ಎರಡೂ ಇರುವುದೇ ಬೇಕು, ಆ ಬೆಲೆಗೆ ಅದು ಸಿಗಲಿಕ್ಕಿಲ್ಲ.

ಅಂಬಲಪಾಡಿ ಪ್ರಸಾದ

ಮಣಿಪಾಲದ ಗೆಳೆಯರಲ್ಲಿ ಆಪಲ್‌ನ ಟೈಪ್-ಸಿ ಅಡಾಪ್ಟರ್ ಇತ್ತು, ಪರೀಕ್ಷೆಗೆ ತಂದೆ. ಪಿಕ್ಸೆಲ್‌ನಲ್ಲಿ ಕೂಡಲೇ ಸಿಕ್ಕಿತು, ಮೈಕ್ ಸಹಿತ. ಎಂಐ ಎ2ನಲ್ಲೂ ಸಿಕ್ಕಿತು. ಆದರೆ ಸದ್ದು ತೀರ ಸಣ್ಣದು. ವಾಲ್ಯೂಮ್ ಪೂರ್ತಿ ಇಟ್ಟರೂ ಬಸ್ಸಿನಲ್ಲಿ ಸಾಕಾಗಲಿಕ್ಕಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಅದೇ ಅಡಾಪ್ಟರ್ ಜೋರು ಉಂಟು.

ಸುರತ್ಕಲ್ ಕಿರಣ್

ಅದು ಆಂಡ್ರಾಯ್ಡ್ ಜೊತೆಗಿನ ಹಳೆಯ ದೂರು. ಆ ಅಡಾಪ್ಟರಿಗೆ ತನ್ನದೇ ವಾಲ್ಯೂಮ್ ನಿಯಂತ್ರಣ ಉಂಟು. ಆಂಡ್ರಾಯ್ಡ್ ಅದನ್ನು ಪೂರ್ತಿ ಮೇಲೆ ಏರಿಸುವುದಿಲ್ಲ, ನೀವು ಒತ್ತುವ ಗುಂಡಿ ಅದಕ್ಕಿಂತ ಮೊದಲಿನ ಮಟ್ಟವನ್ನು ಮಾತ್ರ ಬದಲಾಯಿಸ್ತದೆ. ಟ್ಯಾಂಕಿನ ವಾಲ್ವ್ ಅರ್ಧ ಮುಚ್ಚಿಟ್ಟು ನಲ್ಲಿ ಪೂರ್ತಿ ತಿರುಗಿಸಿದ ಹಾಗೆ. ಸ್ವಂತ ಯುಎಸ್‌ಬಿ ಡ್ರೈವರ್ ಇರುವ ಪ್ಲೇಯರ್ ಆ್ಯಪ್, ಉದಾಹರಣೆಗೆ USB Audio Player PRO, ಹಾಕಿ ಅದರಲ್ಲಿ ಹಾರ್ಡ್‌ವೇರ್ ವಾಲ್ಯೂಮ್ ಏರಿಸಿದರೆ ಜೋರಾಗ್ತದೆ. ಆದರೆ ಆ ಆ್ಯಪ್ಪಿನಲ್ಲಿ ಆಡಿಸಿದ್ದಕ್ಕೆ ಮಾತ್ರ. ಯೂಟ್ಯೂಬ್, ಕಾಲ್ ಮೊದಲಿನ ಹಾಗೆಯೇ.

ಕಾಪು ದೀಪಸ್ತಂಭ

ಯುರೋಪಿಗೆ ಮಾಡಿದ್ದರಲ್ಲಿ ಸದ್ದಿನ ಮಿತಿ ಇನ್ನೂ ಕಡಿಮೆ ಇರ್ತದೆ. ಗೆಳೆಯರು ಎಲ್ಲಿಂದ ತಂದದ್ದು ಕೇಳಿ.

ಕಂಕನಾಡಿ ರೇಖಾ

ದೀಪಸ್ತಂಭದವರ ಈ ಮಾತು ಗಮನಿಸಬೇಕಾದ್ದೇ. ಆದರೆ ಲ್ಯಾಪ್‌ಟಾಪಿನಲ್ಲಿ ಜೋರು ಬರ್ತದೆ ಎಂದರೆ ಇಲ್ಲಿ ಕಾರಣ ಫೋನಿನ ಕಡೆಯೇ ಹೆಚ್ಚು. ಪ್ರಸಾದರೇ, ಪಿಕ್ಸೆಲ್‌ಗೆ ಆಪಲ್‌ನದ್ದು ಬಿಟ್ಟು ಆಂಡ್ರಾಯ್ಡ್‌ಗೆಂದೇ ಮಾರುವ ಡ್ಯಾಕ್ ಅಡಾಪ್ಟರ್ ತೆಗೆದುಕೊಳ್ಳಿ. 150ರ ಅನಲಾಗ್ ಅಡಾಪ್ಟರನ್ನು ಎಂಐ ಎ2 ಜೊತೆಗೇ ಇಡಿ. ಅದಕ್ಕೆ ಅದು ಸರಿಯಾದ ಜೋಡಿ, ಅಡಾಪ್ಟರಿನ ಡ್ಯಾಕ್ ಓಡಿಸಲು ಹೋಗುವ ಬ್ಯಾಟರಿಯೂ ಉಳೀತದೆ.

ಮಲ್ಪೆ ಸುಜಾತಾ

ಉಜ್ಜಿದೆ. ಬ್ರಶ್ಶಿನಲ್ಲಿ ಹಸಿರು ಬಂತು. ಈಗ ಎರಡೂ ಬದಿಯಲ್ಲಿ ಸ್ವರ ಬರ್ತದೆ. ಮೈಕ್ ಒಂದು ಬದಿಯಲ್ಲಿ ಇನ್ನೂ ಕರಕರ ಅನ್ನುತ್ತದೆ.

ಕಂಕನಾಡಿ ರೇಖಾ

ಅದೇ ಪಿನ್ನಿನಲ್ಲಿ ಕಿಲುಬು ಇನ್ನೂ ಸ್ವಲ್ಪ ಉಳಿದಿದೆ ಅಥವಾ ಚಿನ್ನದ ಲೇಪ ತಿಂದು ಹೋಗಿದೆ. ಇನ್ನೊಮ್ಮೆ ಮಾತ್ರ ಉಜ್ಜಿ ನೋಡಿ. ಹೋಗದಿದ್ದರೆ ಲೇಪ ಹೋಗಿದೆ ಎಂದೇ ಲೆಕ್ಕ, ಆಗ ಪೋರ್ಟ್ ಬದಲಾಯಿಸಬೇಕು. ಅಲ್ಲಿಯವರೆಗೆ ಮೈಕ್ ಸರಿ ಇರುವ ಬದಿಗೆ ಅಡಾಪ್ಟರಿನ ತಲೆಯ ಮೇಲೆ ನೈಲ್ ಪಾಲಿಶ್‌ನಲ್ಲಿ ಒಂದು ಚುಕ್ಕೆ ಇಡಿ.